ಬಾಂಡ್‌ಗೆ ಸಹಿ ಹಾಕೋ ಮುಂಚೆ

ನಮ್ಮ ಕೇರಿಯ ಹುಡುಗಿ, ಮನೆಗೇ ಮೊದಲ ಡಿಗ್ರಿ, ನಿನ್ನೆ ಆಫರ್ ಲೆಟರ್ ತಂದಿದ್ಲು. ಸಂಬಳ 18 ಸಾವಿರ. ಆರು ತಿಂಗಳು ಪ್ರೊಬೇಷನ್. ಎರಡು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು. ಬಿಟ್ಟ ಮೇಲೂ ಒಂದು ವರ್ಷ ಅಂಥದ್ದೇ ಕಂಪನಿ ಸೇರಂಗಿಲ್ಲ.

"ಇದೆಲ್ಲ ಕೋರ್ಟಲ್ಲಿ ನಿಲ್ಲಲ್ವಂತೆ ಅಣ್ಣಾ" ಅಂದ್ಲು. ಅರ್ಧ ನಿಜ ಕಣಮ್ಮ. ಬಿಟ್ಟ ಮೇಲಿನ ನಿರ್ಬಂಧ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲಲ್ಲ. ಬಾಂಡ್ ಹಾಗಲ್ಲ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷದೊಳಗೆ ಬಿಟ್ಟಿದ್ದಕ್ಕೆ ಕಟ್ಟಿದ 2 ಲಕ್ಷ ಸರಿ ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆದರೆ ಅವರು ಒಳ್ಳೆ ಸಂಬಳದ ಮ್ಯಾನೇಜರು. ಇವಳಿಗೆ ಅದು ಹನ್ನೊಂದು ತಿಂಗಳ ಸಂಬಳ! 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಬರೀ ಮಿತಿ, ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಅಷ್ಟೇ. ಕೋರ್ಟಿಗೆ ಅಲೆಯೋ ಶಕ್ತಿ ನಮಗೆಲ್ಲಿದೆ? ಅದಕ್ಕೇ ಸಹಿಗೆ ಮುಂಚೆ ಕೇಳಿ: ತರಬೇತಿಗೆ ಖರ್ಚೆಷ್ಟು? ದುಡಿದ ತಿಂಗಳಷ್ಟು ಮೊತ್ತ ಇಳಿಯುತ್ತಾ? ಪ್ರೊಬೇಷನ್ನಲ್ಲಿ ಅವರೇ ತೆಗೆದರೆ ಬಾಂಡ್ ರದ್ದಾಗುತ್ತಾ? ಉತ್ತರ ಬರವಣಿಗೆಯಲ್ಲೇ ಇರಲಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಒತ್ತೆ ಇಡಬೇಡಿ. ಅವ್ವನ ಹೆಬ್ಬೆಟ್ಟು ಜಾಮೀನಿಗೆ ಒತ್ತಿಸಬೇಡಿ. ಜೀತದ ಪತ್ರಕ್ಕೆ ಅಜ್ಜಂದಿರು ಓದದೇ ಒತ್ತಿದ್ರು. ನಾವು ಓದೀವಿ.