ಬಾಡಿಗೆ ಕರಾರು: ಕೊನೇ ಪುಟದ ಲೆಕ್ಕ ಯಾರು ನೋಡ್ತಾರೆ?

ಬಸ್ ಸ್ಟ್ಯಾಂಡ್ ಹತ್ತಿರ ಮಳಿಗೆ ಹಿಡಿಯಲು ಹೊರಟಿದ್ದ ವ್ಯಾಪಾರಿಯೊಬ್ಬರು ಮೊನ್ನೆ ಕರಾರು ಪತ್ರದ ಕರಡು ತಂದು ತೋರಿಸಿದರು. "ಎಲ್ಲಾ ಸರಿ ಇದೆ ಅಲ್ವಾ ಸಾರ್? ನಾಳೆ ಸಹಿ" ಅಂದರು. ಷರತ್ತುಗಳೇನೋ ಸರಿಯಾಗಿದ್ದವು. ಕೊನೇ ಪುಟದ ಪಟ್ಟಿ ಮಾತ್ರ ಬೇರೆಯೇ ಲೆಕ್ಕ ಹೇಳುತ್ತಿತ್ತು.

ಷರತ್ತಿನ ಪ್ರಕಾರ ತಿಂಗಳ ಬಾಡಿಗೆ 10,000 ರೂಪಾಯಿ. ಕಸ, ಮೆಟ್ಟಿಲ ದೀಪ, ನೀರಿನ ಮೋಟಾರಿಗೆಂದು ಮೇಂಟೆನೆನ್ಸ್ 2,000. ಅದು ಮೂರು ವರ್ಷವೂ ಏರುವುದಿಲ್ಲ. ಬಾಡಿಗೆ ಮಾತ್ರ ವರ್ಷ ವರ್ಷ ಹಿಂದಿನ ಬಾಡಿಗೆಯ ಮೇಲೆ ಶೇಕಡಾ 10 ಏರಬೇಕು. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ.

ಪಟ್ಟಿಯಲ್ಲಿದ್ದದ್ದು ಇಷ್ಟು: ಮೊದಲ ವರ್ಷ ತಿಂಗಳಿಗೆ 12,000, ಎರಡನೇ ವರ್ಷ 13,200, ಮೂರನೇ ವರ್ಷ 14,520. ಅಡ್ವಾನ್ಸ್ 1,20,000.

ನೋಡಿದರೆ ಹತ್ತು ಪರ್ಸೆಂಟೇ! ಆದರೆ ಪ್ರತಿ ಸಾಲಿನಿಂದ ಮೇಂಟೆನೆನ್ಸಿನ 2,000 ಕಳೆದು ನೋಡಿ. ಬಾಡಿಗೆ 10,000ದಿಂದ 11,200ಕ್ಕೆ ಹೋಗಿದೆ. ಅದು ಶೇಕಡಾ 12 ಆಯಿತಲ್ಲ! ಏರಬಾರದ ಮೇಂಟೆನೆನ್ಸನ್ನೂ ಬಾಡಿಗೆಗೆ ಸೇರಿಸಿ ಒಟ್ಟಿಗೇ ಏರಿಸಿಬಿಟ್ಟಿದ್ದಾರೆ.

ಸರಿಯಾದ ಲೆಕ್ಕ ಹೀಗೆ. ಎರಡನೇ ವರ್ಷ 11,000ಕ್ಕೆ 2,000 ಸೇರಿ 13,000. ಮೂರನೇ ವರ್ಷ 12,100ಕ್ಕೆ 2,000 ಸೇರಿ 14,100. ತಿಂಗಳಿಗೆ ಮೊದಲು 200, ಆಮೇಲೆ 420 ರೂಪಾಯಿ ಹೆಚ್ಚು ಹೋಗುತ್ತಿತ್ತು. ಎರಡು ವರ್ಷಕ್ಕೆ ಕೂಡಿದರೆ 7,440.

ಅಡ್ವಾನ್ಸಿನಲ್ಲೂ ಅದೇ ತಪ್ಪು. ಹತ್ತು ತಿಂಗಳ ಬಾಡಿಗೆ ಅಂದರೆ ಒಂದು ಲಕ್ಷ. ಪಟ್ಟಿಯಲ್ಲಿ ಮೇಂಟೆನೆನ್ಸೂ ಸೇರಿ 20,000 ಜಾಸ್ತಿ. ಕೊಡುವಾಗ ಪಟ್ಟಿ ನೋಡಿ ಕೊಟ್ಟು, ಖಾಲಿ ಮಾಡುವ ದಿನ "ಷರತ್ತಿನಲ್ಲಿ ಹತ್ತು ತಿಂಗಳ ಬಾಡಿಗೆ ಅಂತ ತಾನೇ ಇರೋದು?" ಅಂದರೆ ಏನು ಮಾಡ್ತೀರಿ? ರಸೀದಿ ಇಲ್ಲದವನ ಪಾಡು ದೇವರಿಗೇ ಪ್ರೀತಿ.

ಮಾಲೀಕರು ಮೋಸಗಾರರೇನಲ್ಲ. ತೋರಿಸಿದ ಕೂಡಲೇ "ಅಯ್ಯೋ, ಟೈಪ್ ಮಾಡೋನು ಒಟ್ಟಿಗೆ ಕೂಡಿದಾನೆ" ಅಂತ ತಿದ್ದಿಸಿಕೊಟ್ಟರು. ಹಾಗಂತ ಎರಡರ ಮೇಲೂ ಏರಿಕೆ ಅಂತ ಷರತ್ತಿನಲ್ಲೇ ಬರೆದಿದ್ದರೆ ಪಟ್ಟಿಯೇ ಸರಿ. ಆಗ ಮಾಡಬೇಕಾದದ್ದು ಚೌಕಾಸಿ, ಲೆಕ್ಕವಲ್ಲ.

ಒಂದು ವರ್ಷ ಮೀರಿದ ಕರಾರು ರಿಜಿಸ್ಟರ್ ಆಗಬೇಕು. ಆದ ಮೇಲೆ ತಪ್ಪು ಸಿಕ್ಕರೆ ಮತ್ತೊಂದು ತಿದ್ದುಪಡಿ ಪತ್ರ, ಮತ್ತೆ ಖರ್ಚು, ಮತ್ತೆ ಓಡಾಟ. ಆದ್ದರಿಂದ ಪತ್ರ ಬರೆಯುವವರಿಗೆ ನಮ್ಮದೊಂದೇ ಮಾತು: ಪಟ್ಟಿಯಲ್ಲಿ ಬಾಡಿಗೆಗೊಂದು, ಮೇಂಟೆನೆನ್ಸಿಗೊಂದು, ಒಟ್ಟು ಮೊತ್ತಕ್ಕೊಂದು ಕಾಲಂ ಹಾಕಿ. ಬರೀ ಒಟ್ಟು ಮೊತ್ತ ಬರೆದುಕೊಟ್ಟರೆ, ಬಾಡಿಗೆದಾರರೇ, ಬಿಡಿಸಿ ಬರೆಸಿಕೊಳ್ಳದೆ ಸಹಿ ಹಾಕಬೇಡಿ.