ಕೂಗೋ ಅಲಾರ್ಮು, ನಿಲ್ಲದ ಮಷೀನು

ನಮ್ಮ ಐಟಿ ಮಂದಿಗೆ ಈಗ ಗಣಿಗಳ ಮೇಲೆ ಪ್ರೀತಿ ಹುಟ್ಟಿದೆ. ‘ಸ್ಮಾರ್ಟ್ ಮೈನಿಂಗ್’ ಅಂತ ಅದಕ್ಕೆ ಹೆಸರು. ನೆಲದ ಕೆಳಗೆ ಸೆನ್ಸರು, ಮೇಲೆ ಕ್ಲೌಡು, ಮ್ಯಾನೇಜರ್ ಫೋನಿನಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ಡ್ಯಾಶ್‌ಬೋರ್ಡು. ವಿಷದ ಗಾಳಿ ಹೆಚ್ಚಾದರೆ ಅಲರ್ಟ್ ಹೋಗುತ್ತೆ, ಆದ್ದರಿಂದ ಕಾರ್ಮಿಕರು ಸೇಫ್ ಅನ್ನೋದು ಮಾರಾಟದ ಮಾತು. ನಾನೂ ಅದೇ ಕಸುಬಿನವನು, ಹಾಗಾಗಿ ಹೇಳುವ ಹಕ್ಕು ಇದೆ ಅಂದುಕೊಳ್ತೀನಿ: ಈ ‘ಆದ್ದರಿಂದ’ ಅನ್ನೋ ಪದದಲ್ಲೇ ಮೋಸ ಇದೆ. ಅಲರ್ಟಿಗೂ ಸೇಫಿಗೂ ನಡುವೆ ಒಬ್ಬ ಮನುಷ್ಯ ಕೂತಿರ್ತಾನೆ. ಅವನ ತಲೆ ಮೇಲೆ ಟಾರ್ಗೆಟ್ ಕೂತಿರುತ್ತೆ.

ನಮ್ಮ ಗುಂಡಗುರ್ತಿ ಸುತ್ತಮುತ್ತ ಗಣಿ ಅಂದ್ರೆ ಶಹಾಬಾದ್ ಕಲ್ಲಿನ ಖಣಿ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲಿನ ಗಣಿ. ಎಲ್ಲಾ ತೆರೆದ ಗಣಿಗಳೇ. ಧೂಳಿನ ಕಾಟ ಉಂಟು, ಆದರೆ ತಲೆ ಮೇಲೆ ಆಕಾಶ ಇರೋದರಿಂದ ಉಸಿರುಗಟ್ಟುವ ಗಾಳಿ ನಿಲ್ಲೋದಿಲ್ಲ. ಆ ಅಪಾಯ ನಮಗೆ ಗೊತ್ತಿದ್ದದ್ದು ಹಗೇವಿನಿಂದ. ಜೋಳ ತುಂಬಿಟ್ಟ ಹಗೇವಿನೊಳಗೆ ಕಾಳೇ ಉಸಿರಾಡಿ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತೆ. ಅದಕ್ಕೇ ಹಿರಿಯರು ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸ್ತಿದ್ದರು. ದೀಪ ಆರಿದರೆ ಯಾರೂ ಇಳಿಯೋ ಹಂಗಿಲ್ಲ, ಸಾಹುಕಾರನೇ ಹೇಳಿದರೂ ಇಲ್ಲ. ಆ ಎರಡನೇ ಭಾಗ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆದರೆ ಕಂದೀಲಿಗೆ ಕಾಣದ ವಿಷವೂ ಇದೆ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಅದಿರನ್ನು ನೆಲದಾಳದಿಂದ ತೆಗೀತಾರೆ. ಇಂಥ ಲೋಹದ ಗಣಿಗಳಲ್ಲಿ ಬಂಡೆಗೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸಬೇಕು. ಸಿಡಿದ ಮದ್ದಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ದಾಟಿದರೇ ಅದು ಕೆಲಸ ಮಾಡೋ ಜಾಗ ಅಲ್ಲ. 1600 ಭಾಗ ಇದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆನೋವು, ಎರಡು ತಾಸಿನೊಳಗೆ ಸಾವು. ಅಷ್ಟಾದರೂ ಕಂದೀಲು ಆರಾಮಾಗಿ ಉರೀತಿರುತ್ತೆ. ಹಾಗಾಗಿ ಇಲ್ಲಿ ಸೆನ್ಸರ್ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಫ್ಯಾನ್ ಓಡಿಸಿ ಹೊಗೆ ಹೋಯ್ತು ಅಂದುಕೊಂಡ ಮೇಲೂ, ಸಿಡಿದ ಕಲ್ಲಿನ ರಾಶಿಯ ಸಂದಿನಲ್ಲಿ ಈ ಅನಿಲ ಕೂತಿರುತ್ತೆ, ಲೋಡರ್ ಬಂದು ಕೆದಕಿದಾಗ ಹೊರಗೆ ಬರುತ್ತೆ. ಶಿಫ್ಟ್ ಶುರುವಿನಲ್ಲಿ ಒಮ್ಮೆ ಅಳೆದರೆ ಅದು ಸಿಗೋದಿಲ್ಲ, ಅಗೆಯುವಾಗಲೂ ಮೀಟರ್ ಮೈಮೇಲೆ ಇರಬೇಕು.

ಕಲ್ಲಿದ್ದಲಿನ ಗಣಿಗೆ ಬಂದರೆ ಮೀಥೇನ್. ಸೇಡಂ ದಾಟಿದರೆ ತೆಲಂಗಾಣ, ಅಲ್ಲಿ ಸಿಂಗರೇಣಿ ಕಂಪನಿಯ ನೆಲದಡಿಯ ಗಣಿಗಳಿವೆ. ಮೀಥೇನ್ ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು. ಅದರಿಂದ ಕಾಪಾಡೋದು ಮೊದಲಿಗೆ ಸೆನ್ಸರ್ ಅಲ್ಲ, ಗಾಳಿ. ಲೆಕ್ಕ ಸರಳ ಅದ. ಒಂದು ಕಡೆಯ ಕಲ್ಲಿದ್ದಲಿನಿಂದ ನಿಮಿಷಕ್ಕೆ 6 ಘನ ಮೀಟರ್ ಮೀಥೇನ್ ಬರ್ತಿದೆ ಅಂದುಕೊಳ್ಳಿ. ಅಲ್ಲಿ ನಿಮಿಷಕ್ಕೆ 1000 ಘನ ಮೀಟರ್ ಗಾಳಿ ಹರಿದರೆ ಮೀಥೇನ್ ಶೇಕಡ 0.6. ಯಾರೋ ಗಾಳಿ ತಿರುಗಿಸೋ ಬಾಗಿಲು ತೆರೆದಿಟ್ಟು ಹೋದರು, ಗಾಳಿ ಅರ್ಧ ಆಯ್ತು, ಈಗ 1.2. ಫ್ಯಾನ್ ಕೈಕೊಟ್ಟು ಗಾಳಿ ನೂರಕ್ಕೆ ಇಳಿದರೆ ಹೆಚ್ಚುಕಡಿಮೆ 6. ಕಲ್ಲಿದ್ದಲು ಬದಲಾಗಿಲ್ಲ, ಅನಿಲ ಹೆಚ್ಚಿಲ್ಲ, ಬರೀ ಗಾಳಿ ಕಡಿಮೆಯಾಗಿ ಸುರಂಗ ಬಾಂಬ್ ಆಯ್ತು.

ಸೆನ್ಸರಿನ ಮಿತಿಯನ್ನೂ ಬ್ರೋಷರಿನಲ್ಲಿ ಯಾರೂ ದೊಡ್ಡ ಅಕ್ಷರದಲ್ಲಿ ಹಾಕೋದಿಲ್ಲ. ಮೀಥೇನ್ ಗಾಳಿಗಿಂತ ಹಗುರ, ಛಾವಣಿಗೆ ಪದರವಾಗಿ ಅಂಟಿಕೊಳ್ಳುತ್ತೆ. ಸೊಂಟದ ಎತ್ತರಕ್ಕೆ ತೂಗುಹಾಕಿದ ಸೆನ್ಸರಿಗೆ ಅದು ಗೊತ್ತೇ ಆಗಲ್ಲ. ಬಹಳ ಕಡೆ ಬಳಸೋ ಸೆನ್ಸರು ಮೀಥೇನನ್ನು ಒಂದು ಕಾದ ಮಣಿಯ ಮೇಲೆ ಸುಟ್ಟು ಅಳೆಯುತ್ತೆ. ಸುಡಲು ಆಮ್ಲಜನಕ ಬೇಕು. ಮೀಥೇನ್ ವಿಪರೀತ ಹೆಚ್ಚಾಗಿ ಆಮ್ಲಜನಕ ಕಮ್ಮಿಯಾದರೆ ಅದೇ ಯಂತ್ರ ಕಡಿಮೆ ಅಂಕಿ ತೋರಿಸಬಹುದು. ಅಂದರೆ ಡ್ಯಾಶ್‌ಬೋರ್ಡಿನ ಹಸಿರು ಬಣ್ಣಕ್ಕೆ ಎರಡು ಅರ್ಥ: ಎಲ್ಲಾ ಚೆನ್ನಾಗಿದೆ, ಇಲ್ಲವೇ ಎಲ್ಲಾ ಮುಗಿದಿದೆ.

ಇದೆಲ್ಲ ಒಂದೇ ಕಡೆ ಕೂಡಿದ್ದು ನ್ಯೂಜಿಲೆಂಡಿನ ಪೈಕ್ ರಿವರ್ ಗಣಿಯಲ್ಲಿ. 2010ರ ನವೆಂಬರ್ 19ರ ಮಧ್ಯಾಹ್ನ ಅಲ್ಲಿ ಮೀಥೇನ್ ಸಿಡಿದು 29 ಜನ ಸತ್ತರು, ಇಬ್ಬರು ಮಾತ್ರ ನಡೆದುಕೊಂಡು ಹೊರಗೆ ಬಂದರು. ಅದು ಬಡ ದೇಶವಲ್ಲ, ಹಳೇ ಗಣಿಯೂ ಅಲ್ಲ. ತನಿಖೆಗೆ ಕೂತ ರಾಯಲ್ ಕಮಿಷನ್ ಕಂಡದ್ದು ಹೀಗೆ: ಸ್ಫೋಟಕ್ಕೆ ಮುಂಚಿನ 48 ದಿನಗಳಲ್ಲಿ ಮೀಥೇನ್ ಸಿಡಿಯುವ ಮಟ್ಟ ಮುಟ್ಟಿದ 21 ವರದಿಗಳಿದ್ದವು, ಅದಕ್ಕಿಂತ ಕಡಿಮೆ ಆದರೂ ಅಪಾಯಕಾರಿ ಮಟ್ಟದ 27 ವರದಿಗಳಿದ್ದವು. ದಿನಕ್ಕೊಂದರ ಲೆಕ್ಕ! ಗಣಿಯ ಮುಖ್ಯ ಫ್ಯಾನನ್ನು ನೆಲದ ಕೆಳಗೇ ಕೂಡಿಸಿದ್ದರು. ಸ್ಫೋಟವಾದರೆ ಗಾಳಿ ಕೊಡಬೇಕಾದ ಯಂತ್ರವೇ ಮೊದಲು ಹೋಗುವ ಜಾಗ ಅದು. ಒಳಗಿನ ಕೆಲಸದ ಜಾಗಗಳಿಂದ ಮೇಲಿನ ಕಂಟ್ರೋಲ್ ರೂಮಿಗೆ ಮೀಥೇನ್ ಅಂಕಿ ಕಳಿಸೋ ಸ್ಥಿರ ಸೆನ್ಸರ್ ಇರಲಿಲ್ಲ. ಮಷೀನು ತಾನಾಗಿ ನಿಂತುಬಿಡುವ ವ್ಯವಸ್ಥೆಯನ್ನು ಕೆಲಸ ನಿಲ್ಲಬಾರದು ಅಂತ ಕೆಲವರು ಬೈಪಾಸ್ ಮಾಡಿದ್ದರು. ಉತ್ಪಾದನೆಯ ಗುರಿ ಮುಟ್ಟಿದರೆ ಬೋನಸ್ ಇತ್ತು.

ಬೈಪಾಸ್ ಮಾಡಿದ ಕಾರ್ಮಿಕನನ್ನು ಬೈಯೋದು ಸುಲಭ. ಆದರೆ ಬೋನಸ್ ಕಟ್ಟಿದವರು ಯಾರು? ವರದಿ ಬರೆಸಿಕೊಂಡು ಕಪಾಟಿನಲ್ಲಿಟ್ಟವರು ಯಾರು? ಅಳೆದಿರಲಿಲ್ಲ ಅನ್ನೋ ಹಂಗಿಲ್ಲ. ಅಳೆದಿದ್ದರು, ಬರೆದಿದ್ದರು, ಮರುದಿನ ಅದೇ ಜಾಗದಲ್ಲಿ ಕೆಲಸಕ್ಕೆ ಹಚ್ಚಿದ್ದರು.

ನಮ್ಮ ದೇಶದ ಕಲ್ಲಿದ್ದಲು ಗಣಿ ನಿಯಮಗಳು ಈ ವಿಷಯದಲ್ಲಿ ನಮ್ಮ ಪ್ರಾಡಕ್ಟ್ ಮ್ಯಾನೇಜರುಗಳಿಗಿಂತ ಜಾಣ. ವಾಪಸ್ ಬರೋ ಗಾಳಿಯಲ್ಲಿ ಮೀಥೇನ್ ಶೇಕಡ 0.75 ದಾಟಬಾರದು, ಗಣಿಯ ಯಾವ ಜಾಗದಲ್ಲೂ 1.25 ದಾಟಬಾರದು, ದಾಟಿದರೆ ಅಲ್ಲಿನ ಕರೆಂಟ್ ಕತ್ತರಿಸಬೇಕು. ಸಿಡಿಯೋ ಮಟ್ಟ 5, ಕತ್ತರಿಸೋದು 1.25ಕ್ಕೇ. ಈ ಅಂತರ ಇಟ್ಟಿದ್ದು ಸೆನ್ಸರ್ ತಪ್ಪುತ್ತೆ, ಗಾಳಿ ತಪ್ಪುತ್ತೆ, ಮನುಷ್ಯ ತಡ ಮಾಡ್ತಾನೆ ಅಂತ ಗೊತ್ತಿದ್ದೇ. ನಾವು ಆ ಅಂತರದೊಳಗೆ ‘ಅಕ್ನಾಲೆಜ್’ ಬಟನ್, ‘ಸ್ನೂಜ್’ ಬಟನ್ ತುರುಕುತ್ತೀವಿ. ರಾತ್ರಿ ಎರಡಕ್ಕೆ ಬಂದ ಸರ್ವರ್ ಅಲರ್ಟನ್ನು ಅರೆನಿದ್ದೆಯಲ್ಲಿ ಒತ್ತಿ ಮಲಗಿದವರೇ ತಾನೆ ನಾವೆಲ್ಲ? ಅದೇ ಅಭ್ಯಾಸವನ್ನು ಸುರಂಗಕ್ಕೆ ಇಳಿಸಬ್ಯಾಡ್ರಿ.

ಇಂಥ ಸಿಸ್ಟಮ್ ಕಟ್ಟುವ ಟೀಮಿನಲ್ಲಿ ನೀವಿದ್ದರೆ ಮೂರು ಪ್ರಶ್ನೆ ಕೇಳಿ. ಮಿತಿ ದಾಟಿದಾಗ ಯಾರ ಅಪ್ಪಣೆಯೂ ಇಲ್ಲದೆ ಕರೆಂಟ್ ತಾನಾಗಿ ಹೋಗುತ್ತಾ, ನೆಟ್‌ವರ್ಕ್ ಸತ್ತಿದ್ದರೂ ಹೋಗುತ್ತಾ? ಸೆನ್ಸರ್ ಮಾತಾಡದಿದ್ದರೆ ನಿಮ್ಮ ಪರದೆ ಅದನ್ನು ಅಪಾಯ ಅಂತ ತೋರಿಸುತ್ತಾ, ಇಲ್ಲ ಹಳೇ ಹಸಿರನ್ನೇ ಇಟ್ಟುಕೊಂಡು ಕೂರುತ್ತಾ? ಬೈಪಾಸ್ ಮಾಡಿದವರ ಹೆಸರು, ಅದಕ್ಕೆ ಒಪ್ಪಿಗೆ ಕೊಟ್ಟವರ ಹೆಸರು ಕೆಳಗೆ ಇಳಿಯೋ ಕಾರ್ಮಿಕನಿಗೂ ಕಾಣುತ್ತಾ? ಮೂರಕ್ಕೂ ‘ಹೌದು’ ಅನ್ನೋಕೆ ಆಗದಿದ್ದರೆ ಅದನ್ನು ರಿಪೋರ್ಟಿಂಗ್ ಟೂಲ್ ಅಂತ ಮಾರಿಕೊಳ್ಳಿ. ಸುರಕ್ಷತೆ ಅನ್ನೋ ಪದ ಅದರ ಮೇಲೆ ಬರೀಬ್ಯಾಡ್ರಿ.