ದಿನಾಂಕದ ತೊಡಕಿಗೆ ದಾಖಲೆಯೇ ಉತ್ತರ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಅನೇಕ ಯುವಕ ಯುವತಿಯರು ಉದ್ಯೋಗ ಆರಂಭಿಸುವುದು ನಂಜನಗೂಡು, ಮೈಸೂರುಗಳ ಕಾರ್ಖಾನೆಗಳಲ್ಲಿ, ಅದೂ ಗುತ್ತಿಗೆದಾರರ ಮೂಲಕ. ಮುಂದೆ ಬೆಂಗಳೂರಿನಲ್ಲಿ ಉತ್ತಮ ಕೆಲಸ ದೊರೆತಾಗ ಈ ಆರಂಭವೇ ಅವರಿಗೆ ತೊಡಕಾಗುವುದನ್ನು ನಾನು ಗಮನಿಸಿದ್ದೇನೆ.

ಹೊಸ ಉದ್ಯೋಗದಾತರು ಅಭ್ಯರ್ಥಿಯ ಗುರುತು, ವಿಳಾಸ, ಅಂಕಪಟ್ಟಿಗಳ ಜೊತೆಗೆ ಹಿಂದಿನ ಕೆಲಸವನ್ನೂ ಪರಿಶೀಲಿಸುತ್ತಾರೆ. ಯಾವಾಗ ಸೇರಿದರು, ಯಾವಾಗ ಬಿಟ್ಟರು, ಹುದ್ದೆ ಯಾವುದು ಎಂದು ಹಳೆಯ ಕಚೇರಿಯನ್ನು ಕೇಳುತ್ತಾರೆ. ಬಂದ ಉತ್ತರವನ್ನು ಅರ್ಜಿಯೊಂದಿಗೂ, ಅನೇಕ ವೇಳೆ ಭವಿಷ್ಯ ನಿಧಿಯ ದಾಖಲೆಯೊಂದಿಗೂ ಹೋಲಿಸುತ್ತಾರೆ. ಅವರು ಹುಡುಕುವುದು ಎರಡನ್ನು: ಹಿಗ್ಗಿಸಿದ ಅನುಭವ ಮತ್ತು ಒಂದೇ ಅವಧಿಯಲ್ಲಿ ಎರಡು ಕಡೆ ದುಡಿಮೆ.

ಒಂದು ಉದಾಹರಣೆ ನೋಡೋಣ. ಗುಂಡ್ಲುಪೇಟೆಯ ಯುವತಿಯೊಬ್ಬಳು 2018ರ ಜೂನ್ 4ರಿಂದ ಕಾರ್ಖಾನೆಯೊಂದರಲ್ಲಿ ದುಡಿದಳೆನ್ನಿ. ಮೊದಲ ನಾಲ್ಕು ತಿಂಗಳು ವೇತನ ಕೊಟ್ಟವನು ಗುತ್ತಿಗೆದಾರ. ಅಕ್ಟೋಬರ್ 1ರಂದು ಕಾರ್ಖಾನೆಯೇ ನೇಮಿಸಿಕೊಂಡಿತು. ಅರ್ಜಿಯಲ್ಲಿ ಆಕೆ ‘ಜೂನ್ 2018ರಿಂದ’ ಎಂದು ಕಾರ್ಖಾನೆಯ ಹೆಸರನ್ನಷ್ಟೇ ಬರೆದಳು. ಕಾರ್ಖಾನೆ ‘ಅಕ್ಟೋಬರ್‌ನಿಂದ’ ಎಂದು ಉತ್ತರಿಸಿತು. ಆಕೆ ಹೇಳಿದ್ದು ಸುಳ್ಳಲ್ಲ. ಆದರೆ ವರದಿಯಲ್ಲಿ ಅದು ನಾಲ್ಕು ತಿಂಗಳ ಉತ್ಪ್ರೇಕ್ಷೆಯಾಯಿತು.

ಕಾಗದದ ಮೇಲೆ ಉದ್ಯೋಗದಾತನೆಂದರೆ ವೇತನ ಕೊಟ್ಟವನು. ಆದ್ದರಿಂದ ಗುತ್ತಿಗೆದಾರನ ಅವಧಿಯನ್ನು ಬೇರೆಯ ಸಾಲಿನಲ್ಲಿ, ಅವನ ಹೆಸರಿನಲ್ಲಿಯೇ ಬರೆದು, ಕೆಲಸದ ಸ್ಥಳವೆಂದು ಕಾರ್ಖಾನೆಯನ್ನು ಸೂಚಿಸಬೇಕು. ಈಗಾಗಲೇ ಆಕ್ಷೇಪ ಬಂದಿದ್ದರೆ ಫೋನಿನಲ್ಲಿ ವಾದಿಸುವುದಕ್ಕಿಂತ ಅರ್ಧ ಪುಟದ ಲಿಖಿತ ವಿವರಣೆ ಮೇಲು. ನಾಲ್ಕು ತಿಂಗಳ ವೇತನ ಜಮೆಯಾದ ಬ್ಯಾಂಕ್ ವಿವರ ಮತ್ತು ಗುತ್ತಿಗೆದಾರನ ಹೆಸರುಳ್ಳ ಭವಿಷ್ಯ ನಿಧಿಯ ಪಾಸ್‌ಬುಕ್ ಅದರ ಜೊತೆಗಿರಲಿ. ಗುತ್ತಿಗೆದಾರ ನಿಧಿಗೆ ಹಣವನ್ನೇ ಕಟ್ಟಿರದಿದ್ದರೆ ಬ್ಯಾಂಕ್ ವಿವರವೇ ಆಧಾರ. ವೇತನ ನಗದಾಗಿ ಬಂದಿದ್ದರೆ ಆ ಅವಧಿಯನ್ನು ಸಾಬೀತುಪಡಿಸುವುದು ಕಷ್ಟ. ಏನೇ ಆಗಲಿ, ಪತ್ರದ ದಿನಾಂಕ ತಿದ್ದುವುದು ಸಲ್ಲದು. ವ್ಯತ್ಯಾಸಕ್ಕೆ ವಿವರಣೆಯುಂಟು, ತಿದ್ದಿದ ಪತ್ರಕ್ಕಿಲ್ಲ.

ಕೆಲಸ ಬಿಟ್ಟ ದಿನಾಂಕದ ತೊಡಕು ಬೇರೆ ಬಗೆಯದು. ಹಳೆಯ ಸಂಸ್ಥೆ ಅದನ್ನು ನಿಧಿಯ ದಾಖಲೆಯಲ್ಲಿ ನಮೂದಿಸದಿದ್ದರೆ ಹಳೆಯ ನೌಕರಿ ಇನ್ನೂ ಮುಂದುವರಿದಂತೆ ಕಾಣುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ನಿಧಿಯ ಜಾಲತಾಣದಲ್ಲಿ `Mark Exit` ಮೂಲಕ ಅದನ್ನು ತುಂಬಬಹುದು. ಬಿಡುಗಡೆ ಪತ್ರವನ್ನು ಎದುರಿಗಿಟ್ಟುಕೊಂಡೇ ತುಂಬಬೇಕು. ಇಲ್ಲಿ ತಪ್ಪಿದರೆ ತಿದ್ದುಪಡಿಗೆ ಮತ್ತೆ ಅಲೆಯಬೇಕಾದೀತು. ಹೊಸ ಕೆಲಸಕ್ಕೆ ಅರ್ಜಿ ಹಾಕುವ ಮುನ್ನವೇ ಅಲ್ಲಿನ `Service History` ಓದಿಕೊಂಡರೆ ಇಂಥ ವ್ಯತ್ಯಾಸ ಮೊದಲೇ ಗೊತ್ತಾಗುತ್ತದೆ.

ಸಂಸ್ಥೆಗಳಿಗೂ ಹೊಣೆಯಿದೆ. ನೇಮಕ ಪತ್ರ ಹಿಂಪಡೆಯುವ ಮುನ್ನ ಆಕ್ಷೇಪವನ್ನು ಅಭ್ಯರ್ಥಿಗೆ ತೋರಿಸಿ, ಉತ್ತರಿಸಲು ಕಾಲಾವಕಾಶ ನೀಡುವುದು ನ್ಯಾಯ. ಗುತ್ತಿಗೆ ಪದ್ಧತಿ ಉದ್ಯಮಗಳೇ ಆರಿಸಿಕೊಂಡ ವ್ಯವಸ್ಥೆ. ಅದರಿಂದ ಹುಟ್ಟಿದ ನಾಲ್ಕು ತಿಂಗಳ ಅಂತರಕ್ಕೆ ಕಾರ್ಮಿಕಳ ಪ್ರಾಮಾಣಿಕತೆಯನ್ನೇ ಶಂಕಿಸುವುದು ತರವಲ್ಲ.